ಡಿಸ್ಚಾರ್ಜ್ ಸಾರಾಂಶ: ಮನೆಗೆ ಹೋದ ಮೇಲೆ ಓದಬೇಕಾದದ್ದು

ರೋಗಿ: ಹೆಂಗಸು, 67 ವರ್ಷ, ಅಂಕೋಲಾ ತಾಲೂಕು
ಸೇರಿದ್ದು: 8 ಅಕ್ಟೋಬರ್ 2024. ಮನೆಗೆ ಕಳಿಸಿದ್ದು: 14 ಅಕ್ಟೋಬರ್ 2024
ಕಾಯಿಲೆ: ಹಾರ್ಟ್ ಫೇಲ್ಯೂರ್. ಮೊದಲಿನಿಂದ ಬಿಪಿ ಇದೆ, 2021ರಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತು
ತೂಕ: ಬಂದಾಗ 63.8 ಕೆಜಿ, ಹೋಗುವಾಗ 58.4 ಕೆಜಿ
ಎಕೋ: ಪಂಪ್ ಮಾಡುವ ಶಕ್ತಿ 30% (55ರ ಮೇಲಿರಬೇಕು)
ಇವತ್ತು: ಬಿಪಿ 112/70, ಪೊಟ್ಯಾಷಿಯಂ 4.3, ಕ್ರಿಯಾಟಿನಿನ್ 1.1

ಅಮ್ಮ, ಇದನ್ನು ಸೊಸೆಯ ಹತ್ತಿರ ಒಂದ್ಸಲ ಪೂರ್ತಿ ಓದಿಸಿಕೊಳ್ಳಿ. ನಿಮ್ಮ ಹೃದಯ ನಿಂತಿಲ್ಲ, ಆದರೆ ಹಳೇ ಅಟ್ಯಾಕಿನಿಂದ ಸೋತಿದೆ. ರಕ್ತವನ್ನು ಜೋರಾಗಿ ತಳ್ಳಲು ಆಗುತ್ತಿಲ್ಲ, ಹಾಗಾಗಿ ಮೈಯಲ್ಲಿ ಉಪ್ಪು ನೀರು ನಿಲ್ಲುತ್ತದೆ, ಮೊದಲು ಕಾಲಿಗೆ, ಆಮೇಲೆ ಶ್ವಾಸಕೋಶಕ್ಕೆ. ಇಲ್ಲಿ ನಿಮ್ಮಿಂದ ಐದು ಕೆಜಿಗೂ ಜಾಸ್ತಿ ಇಳಿಯಿತಲ್ಲ, ಅದು ಕೊಬ್ಬಲ್ಲ, ಬರೀ ನೀರು. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆಯೂ ಇದಕ್ಕೆ ಕಾರಣ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಇನ್ನು ಮುಟ್ಟಲೇಬೇಡಿ. ನೋವಿದ್ದರೆ ಪ್ಯಾರಾಸಿಟಮಾಲ್ ಸಾಕು.

ತೂಕ

ಇದೇ ಮುಖ್ಯ. ಉಬ್ಬಸ ಬರುವುದಕ್ಕೆ ಕೆಲವು ದಿನ ಮೊದಲೇ ತೂಕ ಏರಲು ಶುರುವಾಗುತ್ತದೆ, ಆಗಲೇ ಹಿಡಿದರೆ ಎಷ್ಟೋ ಸಲ ಮಾತ್ರೆಯಲ್ಲೇ ಸರಿಯಾಗುತ್ತದೆ, ಅಡ್ಮಿಟ್ ಆಗುವುದು ತಪ್ಪುತ್ತದೆ. ದಿನಾ ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಚಹಾ ಕುಡಿಯುವ ಮೊದಲು, ಅದೇ ನೈಟಿಯಲ್ಲಿ, ಅದೇ ತೂಕದ ಯಂತ್ರದ ಮೇಲೆ ನಿಲ್ಲಿ. ಯಂತ್ರ ಗಟ್ಟಿ ನೆಲದ ಮೇಲಿರಲಿ, ಚಾಪೆ ಮೇಲೆ ಬೇಡ. ನಾಳೆ ಮನೆಯ ಯಂತ್ರ ಎಷ್ಟು ತೋರಿಸುತ್ತದೋ ಅದೇ ನಿಮ್ಮ ಲೆಕ್ಕದ ಶುರು.

ಒಂದೇ ದಿನಕ್ಕೆ 1 ಕೆಜಿಗಿಂತ ಜಾಸ್ತಿ, ಇಲ್ಲವೇ ಮೂರು ದಿನದಲ್ಲಿ 2 ಕೆಜಿಗಿಂತ ಜಾಸ್ತಿ ಏರಿದರೆ ಅವತ್ತೇ ಫೋನ್ ಮಾಡಿ. ಉದಾಹರಣೆಗೆ ಸೋಮವಾರ 58.4, ಮಂಗಳವಾರ 58.6, ಬುಧವಾರ 59.5, ಗುರುವಾರ 60.5 ಬಂತು ಅಂದುಕೊಳ್ಳಿ. ಗುರುವಾರ ಫೋನ್ ಬರಬೇಕು, ನಿಮಗೆ ಆರಾಮ ಅನಿಸುತ್ತಿದ್ದರೂ ಸರಿ. ತೂಕ ತೀರಾ ಇಳಿದು ತಲೆ ಸುತ್ತಿದರೂ ತಿಳಿಸಿ.

ನೀರು ಮತ್ತು ಉಪ್ಪು

ದಿನಕ್ಕೆ ಒಟ್ಟು ಒಂದೂವರೆ ಲೀಟರ್. ಬರೀ ನೀರಲ್ಲ, ಚಹಾ, ಮಜ್ಜಿಗೆ, ಸೋಲ್ಕಡಿ, ಸಾರು, ಗಂಜಿಯ ತಿಳಿ ಎಲ್ಲಾ ಸೇರಿ. ಬೆಳಿಗ್ಗೆ ಒಂದೂವರೆ ಲೀಟರ್ ನೀರು ಬಾಟಲಿಯಲ್ಲಿ ತುಂಬಿಡಿ. ಒಂದು ಲೋಟ ಚಹಾ ಕುಡಿದರೆ ಬಾಟಲಿಯಿಂದ ಅಷ್ಟೇ ನೀರು ಚೆಲ್ಲಿ. ಬಾಟಲಿ ಖಾಲಿ ಆಯಿತೋ, ಅವತ್ತಿನ ಪಾಲು ಮುಗಿಯಿತು. ಕುಚ್ಚಲಕ್ಕಿ ಗಂಜಿ ಬಿಡಬೇಕಿಲ್ಲ, ತಿಳಿ ಬಸಿದು ಉಣ್ಣಿ. ನಮ್ಮ ಕರಾವಳಿ ಸೆಕೆಯಲ್ಲಿ ಬಾಯಾರುತ್ತದೆ, ಗೊತ್ತು. ಬಾಯಿ ಮುಕ್ಕಳಿಸಿ ಉಗುಳಿ, ಲಿಂಬೆ ಹೋಳು ಚೀಪಿ.

ಬಾಯಾರಿಕೆ ಹೆಚ್ಚಿಸುವುದೇ ಉಪ್ಪು. ಇಡೀ ದಿನದ ಅಡುಗೆ ಸೇರಿ ಒಂದು ಚಹಾ ಚಮಚ ಮಟ್ಟಕ್ಕಿಂತ ಕಡಿಮೆ ಇರಲಿ. ಒಣಮೀನು, ಒಣ ಸೀಗಡಿ ಚಟ್ನಿ, ಉಪ್ಪಿನಕಾಯಿ, ಹಪ್ಪಳ ನಿಲ್ಲಿಸಿ. ತಾಜಾ ಬಂಗಡೆ, ಉಪ್ಪು ಕಡಿಮೆ ಹಾಕಿ, ಧಾರಾಳವಾಗಿ ತಿನ್ನಿ. ಸಾಣಿಕಟ್ಟೆಯ ಕಲ್ಲುಪ್ಪು ಒಳ್ಳೇದು ಅಂತ ನಿಮ್ಮ ಮಗ ಕೇಳಿದರು, ಅದೂ ಉಪ್ಪೇ. ‘ಲೋ ಸೋಡಿಯಂ’ ಉಪ್ಪಂತೂ ಬೇಡವೇ ಬೇಡ, ಅದರಲ್ಲಿ ಪೊಟ್ಯಾಷಿಯಂ ಇರುತ್ತದೆ, ನಿಮ್ಮ ಮಾತ್ರೆಗಳ ಜೊತೆ ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರೂ ಇದೇ ಕಾರಣಕ್ಕೆ ಸದ್ಯಕ್ಕೆ ಬೇಡ.

ಮಾತ್ರೆ

ಬೆಳಿಗ್ಗೆ ಫ್ಯೂರೋಸೆಮೈಡ್ 40, ಸ್ಪೈರೊನೊಲ್ಯಾಕ್ಟೋನ್ 25, ಡಾಪಾಗ್ಲಿಫ್ಲೋಜಿನ್ 10, ಮೆಟೊಪ್ರೊಲಾಲ್ ಸಕ್ಸಿನೇಟ್ 25. ಮಧ್ಯಾಹ್ನ ಊಟವಾದ ಮೇಲೆ ಆಸ್ಪಿರಿನ್ 75. ರಾತ್ರಿ ರಾಮಿಪ್ರಿಲ್ 2.5, ಅಟೋರ್ವಾಸ್ಟಾಟಿನ್ 40. ಎಲ್ಲಾ ಮಿಲಿಗ್ರಾಂ, ಒಂದೊಂದೇ. ಫ್ಯೂರೋಸೆಮೈಡ್ ನುಂಗಿದರೆ ಮೂತ್ರ ಜಾಸ್ತಿ ಬರುತ್ತದೆ, ಮದುವೆ ಮನೆಗೆ ಹೋಗಬೇಕು ಅಂತ ಬಿಟ್ಟುಬಿಡಬೇಡಿ, ಬೇಕಾದರೆ ವಾಪಸ್ ಬಂದು ಮಧ್ಯಾಹ್ನ ತಗೊಳ್ಳಿ. ವಾಂತಿ, ಭೇದಿ ಹಿಡಿದು ಊಟ ಸೇರದಿದ್ದರೆ ಮಾತ್ರ ತಡಮಾಡದೆ ಫೋನ್ ಮಾಡಿ, ಯಾವುದನ್ನು ನಿಲ್ಲಿಸಬೇಕು ಅಂತ ನಾವು ಹೇಳುತ್ತೇವೆ.

ಯಾವಾಗ ಫೋನ್, ಯಾವಾಗ 108

ಕಾಲಿನ ಬಾವು ಏರಿದರೆ, ಒತ್ತಿದ ಜಾಗದಲ್ಲಿ ಕುಳಿ ನಿಂತರೆ, ಹೊಟ್ಟೆ ಉಬ್ಬಿ ಸೀರೆ ಬಿಗಿಯಾದರೆ, ಎರಡು ದಿಂಬು ಸಾಲದೆ ಮೂರನೆಯದು ಬೇಕಾದರೆ, ಮಲಗಿದಾಗ ಕೆಮ್ಮು ಬಂದರೆ ಅವತ್ತೇ ಫೋನ್. ಹೋದ ಸಲ ಇದನ್ನೇ ವಯಸ್ಸಾಯಿತು, ವಾಯು ಅಂತ ಹತ್ತು ದಿನ ತಳ್ಳಿದಿರಿ.

ಕೂತಲ್ಲೇ ಉಸಿರು ಕಟ್ಟಿದರೆ, ಎದೆನೋವು ಬಂದರೆ, ಎಚ್ಚರ ತಪ್ಪಿದರೆ, ಗುಲಾಬಿ ಬಣ್ಣದ ನೊರೆ ಕಫ ಬಂದರೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಅಂತ ಮನೆಯಲ್ಲಿ ಚರ್ಚೆ ಮಾಡುತ್ತಾ ಕೂರಬೇಡಿ, ಅದು ಆಮೇಲೆ. ಆಂಬುಲೆನ್ಸ್ ಬರುವವರೆಗೆ ಮಲಗಿಸದೆ ಒರಗಿಸಿ ಕೂರಿಸಿ. ಎಚ್ಚರ ತಪ್ಪಿದ್ದರೆ ಮಾತ್ರ ಒಂದು ಮಗ್ಗುಲಿಗೆ ಮಲಗಿಸಿ.

ಮನೆಯೊಳಗೆ ಓಡಾಡಿ, ಸಂಜೆ ಅಂಗಳದಲ್ಲಿ ನಡೆಯಿರಿ, ಮಾತಾಡುತ್ತಾ ನಡೆಯಲು ಆಗುವಷ್ಟು ಸಾಕು. ಬಾವಿಯಿಂದ ನೀರು ಸೇದುವುದು ಬೇಡ.

21 ಅಕ್ಟೋಬರ್ ಸೋಮವಾರ ಬೆಳಿಗ್ಗೆ ಒಪಿಡಿಗೆ ಬನ್ನಿ, ಕಿಡ್ನಿ ಮತ್ತು ಪೊಟ್ಯಾಷಿಯಂ ರಕ್ತ ಪರೀಕ್ಷೆ ಇದೆ. ತೂಕದ ಪುಸ್ತಕ ಮತ್ತು ಎಲ್ಲಾ ಮಾತ್ರೆಯ ಸ್ಟ್ರಿಪ್ ಜೊತೆಗೆ ತನ್ನಿ, ಖಾಲಿಯಾದ ಸ್ಟ್ರಿಪ್ ಕೂಡ ಸೇರಿ.