ಲ್ಯಾಬಿನಲ್ಲಿ ಹಾಕಿದ ಆಟ ಮರುದಿನ ಯಾಕೆ ಇರುವುದಿಲ್ಲ

ನಾಲ್ಕು ಮತ್ತು ಐದನೇ ತರಗತಿಯ ಟೀಚರುಗಳ ಗಮನಕ್ಕೆ,

ಸೋಮವಾರ 18 ಕಂಪ್ಯೂಟರುಗಳಿಗೆ ಜಿಕಾಂಪ್ರಿ ಆಟ ಹಾಕಿದ್ದೆವು. ಮಕ್ಕಳು ಕೂಡುವ ಲೆಕ್ಕ ಆಡಿ ಖುಷಿಪಟ್ಟರು. ಮಂಗಳವಾರ ಮೂರನೇ ಪೀರಿಯಡ್‌ನಲ್ಲಿ ಕರೆಂಟ್ ಹೋಗಿ ಬಂತು. ಮತ್ತೆ ಆನ್ ಮಾಡಿದರೆ ಒಂದು ಕಂಪ್ಯೂಟರಿನಲ್ಲೂ ಆಟ ಇಲ್ಲ. "ಮಿಸ್, ಯಾರೋ ತೆಗೆದುಬಿಟ್ಟಿದ್ದಾರೆ" ಎಂದು ಒಬ್ಬ ಹುಡುಗಿ ಅಳುಮುಖ ಮಾಡಿಕೊಂಡಳು. ಯಾರೂ ತೆಗೆದಿಲ್ಲ. ದಯವಿಟ್ಟು ಮಕ್ಕಳನ್ನು ಬೈಯಬೇಡಿ.

ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿ ಡೀಪ್ ಫ್ರೀಜ್ ಎಂಬ ಕಾವಲು ಸಾಫ್ಟ್‌ವೇರ್ ಇದೆ. ಪರದೆಯ ಬಲಗಡೆ ಕೆಳಗೆ, ಗಡಿಯಾರದ ಹತ್ತಿರ ಪುಟ್ಟ ಕರಡಿ ಕಾಣುತ್ತದಲ್ವಾ, ಅದೇ. ಭೂಪಟದ ಮೇಲೆ ಬಟರ್ ಪೇಪರ್ ಇಟ್ಟು ಮಕ್ಕಳು ನದಿ ಬರೆಯುವುದನ್ನು ನೆನಪಿಸಿಕೊಳ್ಳಿ. ಗೆರೆಯೆಲ್ಲ ಪೇಪರಿನ ಮೇಲೆ, ಕೆಳಗಿನ ಭೂಪಟಕ್ಕೆ ಒಂದು ಚುಕ್ಕೆಯೂ ತಾಗುವುದಿಲ್ಲ. ಇಲ್ಲೂ ಹಾಗೆಯೇ. ಕರಡಿ ಕಾವಲಿರುವಾಗ ನಾವು C ಡ್ರೈವಿಗೆ ಹಾಕಿದ ಆಟ, ಉಳಿಸಿದ ಫೈಲ್, ಬದಲಿಸಿದ ವಾಲ್‌ಪೇಪರ್ ಎಲ್ಲವೂ ಡಿಸ್ಕಿನಲ್ಲಿ ಬೇರೆ ಜಾಗಕ್ಕೆ ಹೋಗಿ ಕೂರುತ್ತವೆ. ರೀಸ್ಟಾರ್ಟ್ ಆದ ಕೂಡಲೇ ಆ ಪೇಪರನ್ನು ಎಸೆದಂತೆ. C ಡ್ರೈವಿಗೆ ವೈರಸ್ ಬಂದರೂ ಹಾಗೇ ಹೋಗುತ್ತದೆ, ಅದಕ್ಕೇ ನಾನು ಇದನ್ನು ತೆಗೆಸುವುದಿಲ್ಲ.

"D ಡ್ರೈವಿನಲ್ಲಿ ಹಾಕಿದರೆ ಉಳಿಯುತ್ತದಾ?" ಎಂದು ನೀವು ಕೇಳಿದ್ದಿರಿ. ನಮ್ಮಲ್ಲಿ D ಡ್ರೈವಿಗೆ ಕಾವಲಿಲ್ಲ, ಫೋಲ್ಡರ್ ಉಳಿಯುತ್ತದೆ. ಆದರೆ ಡೆಸ್ಕ್‌ಟಾಪ್ ಐಕಾನ್, ಸ್ಟಾರ್ಟ್ ಮೆನು, ಮಗು ಆರಿಸಿದ ಸೆಟ್ಟಿಂಗ್ ಇವೆಲ್ಲ C ಡ್ರೈವಿನಲ್ಲಿ. ಅವು ಹೋಗುತ್ತವೆ. ಮಕ್ಕಳ ಡ್ರಾಯಿಂಗ್, ಬರಹಗಳಿಗೆ ಮಾತ್ರ D ಸಾಕು, ಅಲ್ಲೇ ಉಳಿಸಲು ಹೇಳಿ.

ಆಟ ಉಳಿಯಬೇಕಾದರೆ ಮೊದಲು ಕಾವಲು ತೆಗೆದು, ಆಮೇಲೆ ಆಟ ಹಾಕಬೇಕು. ಶಿಫ್ಟ್ ಒತ್ತಿಕೊಂಡು ಕರಡಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಪಾಸ್‌ವರ್ಡ್ ಕೊಟ್ಟು `Boot Thawed` ಆರಿಸಿ `Apply and Reboot` ಒತ್ತಬೇಕು. ಮತ್ತೆ ಆನ್ ಆದಾಗ ಕರಡಿಯ ಮೇಲೆ ಕೆಂಪು ಗುಣಿಸು ಚಿಹ್ನೆ ಮಿನುಗುತ್ತದೆ. ಅದು ಕಾಣುವವರೆಗೆ ಏನನ್ನೂ ಹಾಕಬೇಡಿ. ಸೋಮವಾರ ನಾವು ತಪ್ಪಿದ್ದು ಇಲ್ಲೇ, ಚಿಹ್ನೆ ನೋಡದೆ ಹಾಕಿಬಿಟ್ಟೆವು. ಆಟ ಹಾಕಿದ ಮೇಲೆ ಒಮ್ಮೆ ತೆರೆದು ಭಾಷೆ ಆರಿಸಿ, ದನಿಯ ಫೈಲುಗಳು ಇಂಟರ್ನೆಟ್‌ನಿಂದ ಇಳಿಯುವವರೆಗೂ ಕಾಯಿರಿ. ಇಲ್ಲದಿದ್ದರೆ ಪ್ರತಿ ರೀಸ್ಟಾರ್ಟ್ ಆದ ಮೇಲೂ ಮತ್ತೆ ಇಳಿಸಬೇಕಾಗುತ್ತದೆ. ಕೊನೆಗೆ `Boot Frozen` ಆರಿಸಿ ಮತ್ತೆ ರೀಸ್ಟಾರ್ಟ್. ಇದನ್ನು ಮರೆತರೆ ಕಂಪ್ಯೂಟರು ಕಾವಲಿಲ್ಲದೆ ಉಳಿಯುತ್ತದೆ.

ಪಾಸ್‌ವರ್ಡ್ ನನ್ನ ಹತ್ತಿರವಿದೆ, ಮಕ್ಕಳೆದುರು ಟೈಪ್ ಮಾಡುವುದಿಲ್ಲ. ಈ ಶನಿವಾರ ಶಾಲೆ ಬಿಟ್ಟ ಮೇಲೆ 12 ಗಂಟೆಗೆ ಎಲ್ಲ 18ಕ್ಕೂ ಹಾಕುತ್ತೇನೆ. ಬೇರೆ ಆಟ ಬೇಕಿದ್ದರೆ ಶುಕ್ರವಾರದೊಳಗೆ ಪೆನ್‌ಡ್ರೈವಿನಲ್ಲಿ ತಂದುಕೊಡಿ.

ಕಂಪ್ಯೂಟರ್ ಲ್ಯಾಬ್ ಶಿಕ್ಷಕಿ