ಒತ್ತೆ ಇಟ್ಟ ಕಾರ್ಡು

ಶೈಲಾಳ ಮೊಬೈಲು ಆರಿಹೋಗುವಾಗ ಕೊನೆಯದಾಗಿ ತೋರಿಸಿದ್ದು: ವೇಟಿಂಗ್ ಲಿಸ್ಟ್ 4.

ಸಪ್ತಾಪುರದ ರೂಮಿನಲ್ಲಿ ಮಧ್ಯಾಹ್ನದ ಮಳೆಗೆ ಹೋದ ಕರೆಂಟು ಸಂಜೆಯಾದರೂ ಬಂದಿರಲಿಲ್ಲ. ಬಂದಿದ್ದರೂ ಉಪಯೋಗವಿರಲಿಲ್ಲ ಅನ್ನಿ. ಊರಿಗೆ ಹೊರಟ ರೂಮ್‌ಮೇಟ್ ಅವಸರದಲ್ಲಿ ಇವಳ ಚಾರ್ಜರನ್ನು ಬ್ಯಾಗಿಗೆ ತುರುಕಿಕೊಂಡು, ತನ್ನ ಹಳೇ ಸಣ್ಣ ಪಿನ್ನಿನದನ್ನು ಬಿಟ್ಟುಹೋಗಿದ್ದಳು.

ಧಾರವಾಡ ಸ್ಟೇಷನ್ನಿಗೆ ಬಂದಾಗ ರಾಣಿ ಚೆನ್ನಮ್ಮಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಚಾರ್ಟ್ ಆಗಿರಬೇಕು. ಸೀಟು ಸಿಕ್ಕಿದ್ದರೆ ಸರಿ. ವೇಟಿಂಗಿನಲ್ಲೇ ಉಳಿದಿದ್ದರೆ ಆನ್‌ಲೈನ್ ಟಿಕೆಟ್ಟು ತಾನಾಗಿಯೇ ರದ್ದು, ಗಾಡಿ ಹತ್ತುವಂತಿಲ್ಲ. ವಿಚಾರಣೆ ಕಿಟಕಿಯವನು ಕೇಳಿದ್ದು ಒಂದೇ ಮಾತು.

"ಪಿಎನ್ಆರ್ ಹೇಳ್ರಿ."

ಆ ಹತ್ತಂಕಿ ಇದ್ದದ್ದು ಮೊಬೈಲಿನಲ್ಲಿ. ಬೆಳಿಗ್ಗೆ ಐಐಎಸ್ಸಿಯಲ್ಲಿ ತೋರಿಸಬೇಕಾದ ಇಂಟರ್‌ವ್ಯೂ ಪತ್ರವೂ ಅದರಲ್ಲೇ.

ಸ್ಟೇಷನ್ನಿನ ಹೊರಗೆ ಒಂದು ಚಹಾದಂಗಡಿ. ಗಾಜಿನ ಡಬ್ಬಿಯಲ್ಲಿ ಪೇಡೆ, ಹಿಂದೆ ಬಿಳಿ ಮೀಸೆಯ ಕಾಕಾ.

"ಕಾಕಾ, ಸಿ ಪಿನ್ ಚಾರ್ಜರ್ ಐತೇನ್ರಿ? ಅರ್ಧಾ ತಾಸು ಸಾಕು."

"ಚಾರ್ಜರ್ ಐತಿ, ಪ್ಲಗ್ ಇಲ್ಲಬೇ. ಮಳಿ ನೀರು ಬೋರ್ಡಿನಾಗ ಹೊಕ್ಕೈತಿ. ಒಳಗ ಪ್ಲಾಟ್‌ಫಾರ್ಮಿನ್ಯಾಗ ಹಾಕ್ಕೊ." ಕೊಡಲು ಚಾಚಿದ ಕೈ ಅರ್ಧಕ್ಕೆ ನಿಂತಿತು. "ಸಿಟ್ಟಾಗಬ್ಯಾಡವ್ವಾ. ಹೋದ ತಿಂಗಳ ಒಬ್ಬಾವ ಹಿಂಗ ಒಯ್ದಾವ ಬರಲೇ ಇಲ್ಲ. ಏನರ ಒತ್ತಿ ಇಟ್ಟು ಹೋಗು."

ಶೈಲಾ ಕೊರಳಲ್ಲಿದ್ದ ಕಾಲೇಜು ಕಾರ್ಡನ್ನು ತೆಗೆದು ಕೊಟ್ಟಳು. ಕಾಕಾ ಅದನ್ನು ಹಿಂದೆ ಮುಂದೆ ತಿರುವಿ ನೋಡಿ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡ.

ಪ್ಲಾಟ್‌ಫಾರ್ಮಿನ ಪ್ಲಗ್ಗುಗಳ ಹತ್ತಿರ ಆಗಲೇ ಮೂವರು. ಅವರಲ್ಲೊಬ್ಬ ಕ್ರಿಕೆಟ್ ನೋಡುತ್ತಲೇ ಚಾರ್ಜ್ ಮಾಡುತ್ತಿದ್ದ. ಇಂಥವರ ಫೋನು ತುಂಬುವುದು ಯಾವಾಗ? ಕೊನೆಗೆ ಒಬ್ಬ ಹೆಂಗಸು ತಮ್ಮದನ್ನು ಕಿತ್ತು ಜಾಗ ಕೊಟ್ಟರು. ಪರದೆ ಬೆಳಗುವವರೆಗೆ ಶೈಲಾ ಉಗುರು ಕಡಿದದ್ದೇ ಬಂತು. ಎಸ್ 6, 41. ಕನ್ಫರ್ಮ್! ಅಷ್ಟರಲ್ಲಿ ಗಾಡಿಯ ಘೋಷಣೆ ಆಯಿತು, ಎಸ್ 6 ಆ ತುದಿಗೆ. ಚಾರ್ಜರು ಫೋನಿನ ಸಮೇತ ಬ್ಯಾಗಿಗೆ ಬಿತ್ತು, ಶೈಲಾ ಓಡಿದಳು.

ಹುಬ್ಬಳ್ಳಿ ದಾಟಿದ ಮೇಲೆ ಟಿಟಿಇ ಬಂದರು.

"ಐಡಿ?"

ಕೈ ಕೊರಳಿಗೆ ಹೋಯಿತು. ಆಗ ನೆನಪಾದದ್ದು ಗಲ್ಲಾಪೆಟ್ಟಿಗೆ. ಆಧಾರ್ ಕಾರ್ಡು ಊರಲ್ಲಿ, ಅಪ್ಪನ ಟ್ರಂಕಿನಲ್ಲಿ. ಕೇಳಿದ್ದರೆ ಯಾತಕ್ಕೆ ಅನ್ನುತ್ತಿದ್ದ. ಬಿ.ಎಡ್. ಮಾಡಿ ಬೈಲಹೊಂಗಲದಲ್ಲೇ ಮೇಡಂ ಆಗಲಿ ಅನ್ನುವ ಅಪ್ಪನಿಗೆ ಈ ಬೆಂಗಳೂರಿನ ಸುದ್ದಿಯನ್ನೇ ಅವಳು ಹೇಳಿರಲಿಲ್ಲ.

"ಸರ್, ಡಿಜಿಲಾಕರ್‌ನಾಗ ಐತ್ರಿ."

"ನೀವೇ ಫೋಟೋ ಹೊಡೆದು ಹಾಕಿದ್ದು ನಡೆಯೋದಿಲ್ಲ. ಇಷ್ಯೂಡ್ ಅಂತ ಇರೋದನ್ನ ತೋರಿಸಿ."

ಫೋನಿನಲ್ಲಿ ಮೂರು ಪರ್ಸೆಂಟು. ಸೀಟಿನ ಪಕ್ಕದ ಪ್ಲಗ್ಗಿಗೆ ಕಾಕಾನ ಚಾರ್ಜರು ಸಿಕ್ಕಿಸಿ, ನಡುಗುವ ಬೆರಳಲ್ಲಿ ಪಿನ್ ಒತ್ತಿ ಆಧಾರ್ ತೆರೆದಳು. ಟಿಟಿಇ ಮುಖಕ್ಕೂ ಫೋಟೋಕ್ಕೂ ತಾಳೆ ನೋಡಿ ತಲೆಯಾಡಿಸಿದರು.

"ಈಗಲೇ ತುಂಬಿಸ್ಕೊಳ್ಳಿ. 11ಕ್ಕೆ ಪ್ಲಗ್ ಬಂದ್ ಆಗುತ್ತೆ. ಬೆಂಗಳೂರಲ್ಲಿ ಎಲ್ಲಿಗೆ?"

"ಐಐಎಸ್ಸಿಗೆ ರೀ."

"ಟಾಟಾ ಇನ್‌ಸ್ಟಿಟ್ಯೂಟಾ? ಹಾಗಿದ್ರೆ ಯಶವಂತಪುರದಲ್ಲೇ ಇಳೀರಿ, ಹತ್ತಿರ."

ಅವರು ಅತ್ತ ಸರಿದದ್ದೇ ಫೋನು ಹೊಡೆದುಕೊಂಡಿತು. ಅಪ್ಪ. ಈ ಹೊತ್ತಿನಲ್ಲಿ ಮಾಡುವವನಲ್ಲ.

"ಎಲ್ಲಿ ಅದಿ?"

"ರೂಮಿನ್ಯಾಗ ಅದೇನಪಾ."

"ರೂಮು ಗಡಗಡ ಅಂತೈತಲ್ಲ?"

ಶೈಲಾ ಸುಮ್ಮನಾದಳು.

"ಯಾರೋ ಚಹಾದಂಗಡಿಯಾವ ಫೋನ್ ಮಾಡಿದ್ದ. ನಿಮ್ಮ ಮಗಳ ಕಾರ್ಡ್ ನನ್ನ ಕಡೆ ಐತಿ, ನನ್ನ ಚಾರ್ಜರ್ ಅಕಿ ಕಡೆ ಐತಿ, ಅಕಿ ಬೆಂಗಳೂರು ಗಾಡಿ ಹತ್ತಿಹೋದ್ಲು ಅಂದ. ಕಾರ್ಡಿನ ಹಿಂದ ನನ್ನ ನಂಬರ್ ಇತ್ತಂತ. ನನಗ ಎದಿ ಒಡದಂಗಾತು."

ಅವಳು ಎಲ್ಲ ಹೇಳಿದಳು. ಪರೀಕ್ಷೆ ಬರೆದದ್ದು, ರ‍್ಯಾಂಕ್ ಬಂದದ್ದು, ಇಂಟರ್‌ವ್ಯೂಗೆ ಕರೆದದ್ದು. ಆ ಕಡೆ ಅಪ್ಪ ಮಾತಾಡಲಿಲ್ಲ. ಅವ್ವ ಹಿಂದಿನಿಂದ ಏನೋ ಕೇಳಿದಳು, ಅಪ್ಪ "ತಡಿ" ಅಂದ.

"ರೊಕ್ಕ ಎಷ್ಟ ಐತಿ ಹತ್ರ?"

"ಎಂಟನೂರು."

"ಹೂಂ." ಮತ್ತೆ ಸುಮ್ಮನೆ. ಆಮೇಲೆ, "ಆ ಮನಶ್ಯಾ ಚಾರ್ಜರ್ ಇಲ್ದ ಏನ್ ಮಾಡ್ತಾನ ಪಾಪ? ನಾಳೆ ನಾನ ಧಾರವಾಡಕ್ಕ ಹೋಗಿ ಹೊಸಾದು ಕೊಡಿಸಿ ಕಾರ್ಡ್ ಇಸ್ಕೋತೇನಿ. ಬಂದ ಮ್ಯಾಲ ನಿಂದು ಮಾತಾಡೂಣು. ಎಂಥಾ ಪಿನ್ನಂತ ಹೇಳು, ಅಂಗಡ್ಯಾಗ ಕೇಳಬೇಕು."

"ಸಿ ಪಿನ್, ಅಪ್ಪಾ."

"ಏನು? ಗಾಡಿ ಸಪ್ಪಳಕ್ಕ ಕೇಳವಲ್ದು. ಜೋರಾಗಿ ಹೇಳು."