ವಿಷಯ: 10 ಆಂಪ್ ಎಂದು ಅಚ್ಚು ಹಾಕಿದ ರಿಲೇ ಬೋರ್ಡ್ 6.4 ಆಂಪ್‌ಗೇ ಸುಟ್ಟಿದೆ (ಆರ್ಡರ್ 20417)

ನಮಸ್ಕಾರ ಸರ್,

ಹೋದ ತಿಂಗಳು ನಿಮ್ಮ ಹತ್ತಿರ ಸಿಂಗಲ್ ಚಾನೆಲ್ 5 ವೋಲ್ಟ್ ರಿಲೇ ಬೋರ್ಡ್ ಮೂರು ತರಿಸಿಕೊಂಡಿದ್ದೆ. ಒಂದಕ್ಕೆ 145 ರೂಪಾಯಿ. ಅದರಲ್ಲಿ ಒಂದು ಸುಟ್ಟಿದೆ ಅಂತ ಮೆಸೇಜ್ ಮಾಡಿದಾಗ ನಿಮ್ಮ ಕಡೆಯಿಂದ ಬಂದ ಉತ್ತರ ಒಂದೇ ಸಾಲು: "ಮೋಟರ್ ಲೋಡ್ ಹಾಕಿರುತ್ತೀರಿ, ಅದಕ್ಕೆ ವಾರಂಟಿ ಇಲ್ಲ." ನಾನು ಮೋಟರ್ ಹಾಕಿಲ್ಲ. ಏನು ಹಾಕಿದ್ದೆ, ಏನಾಯಿತು ಅಂತ ಪೂರ್ತಿ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆತನಕ ಓದಿ.

ನಮ್ಮದು ಮದ್ದೂರು ತಾಲ್ಲೂಕು. ದೊಡ್ಡಪ್ಪನವರು ರೇಷ್ಮೆ ಬೆಳೆಯುತ್ತಾರೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಮರಿ ಹುಳುವಿಗೆ, 27–28 ಡಿಗ್ರಿ ಶಾಖ ಬೇಕು. ಚಳಿಗಾಲದಲ್ಲಿ ರಾತ್ರಿಯಿಡೀ ಎದ್ದೆದ್ದು ಹೀಟರ್ ಹಾಕಿ ಆರಿಸುವುದು ದೊಡ್ಡಮ್ಮನ ಕೆಲಸವಾಗಿತ್ತು. ಅವರಿಗೆ ಸ್ವಲ್ಪ ನಿದ್ದೆ ಸಿಗಲಿ ಅಂತ ನಾನೇ ಒಂದು ಕಂಟ್ರೋಲರ್ ಮಾಡಿಕೊಟ್ಟೆ. ಸೆನ್ಸರ್ 26.5 ತೋರಿಸಿದರೆ ಹೀಟರ್ ಆನ್, 27.5ಕ್ಕೆ ಆಫ್. ಅಷ್ಟೇ. ಹೀಟರ್ 1500 ವ್ಯಾಟಿನದು, ಬರೀ ಕಾಯಿಲ್, ಫ್ಯಾನ್ ಕೂಡ ಇಲ್ಲ. ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದ್ದೇನೆ: 228 ವೋಲ್ಟ್ ಇದ್ದಾಗ 6.4 ಆಂಪ್. ನಮ್ಮೂರಲ್ಲಿ ರಾತ್ರಿ ಹೊತ್ತು ವೋಲ್ಟೇಜ್ 242ರ ತನಕ ಏರುತ್ತದೆ. ಆಗಲೂ 6.8 ದಾಟಲ್ಲ. ಲೈನಿಗೆ 10 ಆಂಪ್ ಎಂಸಿಬಿ ಇದೆ, ಅದು ಒಂದು ಸಲವೂ ಟ್ರಿಪ್ ಆಗಿಲ್ಲ. ವೈರ್ 1.5 ಸ್ಕ್ವೇರ್ ಎಂಎಂ ತಾಮ್ರದ್ದು, ತುದಿಗೆ ಲಗ್ ಹಾಕಿ ಒತ್ತಿ, ಸ್ಕ್ರೂ ಬಿಗಿ ಮಾಡಿದ್ದೆ.

ಏಳನೇ ರಾತ್ರಿ, ಮೂರೂ ಮುಕ್ಕಾಲರ ಹೊತ್ತಿಗೆ, ದೊಡ್ಡಮ್ಮನಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ಎಚ್ಚರವಾಯಿತು. ನಾನು ಹೋಗಿ ನೋಡಿದಾಗ ಬೋರ್ಡಿನ ಎಲ್‌ಇಡಿ ಆರಿತ್ತು. ಅಂದರೆ ಕಂಟ್ರೋಲರ್ ಆಫ್ ಅಂತ ಹೇಳಿ ಆಗಿದೆ. ಆದರೆ ಹೀಟರಿನ ಕಾಯಿಲ್ ಕೆಂಪಗೆ ಉರಿಯುತ್ತಲೇ ಇತ್ತು. ಹುಳು ಮನೆಯೊಳಗೆ 33 ಡಿಗ್ರಿ. ಹುಳು ಎರಡನೇ ಜ್ವರಕ್ಕೆ, ಅಂದರೆ ಪೊರೆ ಬಿಡುವುದಕ್ಕೆ, ಕೂತಿದ್ದವು. ಜ್ವರ ಎದ್ದ ಮೇಲೆ ಸುಮಾರು ಕಾಲು ಭಾಗ ಸೊಪ್ಪು ಮುಟ್ಟಲೇ ಇಲ್ಲ. ನೂರೈವತ್ತು ಮೊಟ್ಟೆ ಚಾಕಿಯಲ್ಲಿ ಕಾಲು ಭಾಗ ಹೋದರೆ ರೈತನ ಮನೆಯಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತಿರುತ್ತದೆ.

ಮರುದಿನ ಬೋರ್ಡ್ ಬಿಚ್ಚಿದೆ. ಕರೆಂಟ್ ತೆಗೆದು, COM ಮತ್ತು NO ನಡುವೆ ಮಲ್ಟಿಮೀಟರ್ ಇಟ್ಟರೆ ಬೀಪ್ ಅನ್ನುತ್ತಿದೆ. ಕಾಂಟ್ಯಾಕ್ಟ್ ಅಂಟಿಕೊಂಡಿದೆ. ತಿರುಗಿಸಿ ನೋಡಿದರೆ COM ಪಿನ್ನಿನ ಸುತ್ತ ಬೋರ್ಡು ಕಾಫಿ ಬಣ್ಣಕ್ಕೆ ತಿರುಗಿದೆ. ಬೆಸುಗೆಯಲ್ಲಿ ಪಿನ್ನಿನ ಸುತ್ತಲೂ ಉಂಗುರದ ಹಾಗೆ ಬಿರುಕು. ಭೂತಗನ್ನಡಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಪಿನ್ನಿನಿಂದ ಹಸಿರು ಟರ್ಮಿನಲ್ ಕಡೆ ಹೋಗುವ ಟ್ರ್ಯಾಕ್ ಒಂದು ಸೆಂಟಿಮೀಟರ್ ಉದ್ದ ಮೇಲೆದ್ದಿದೆ. ಟರ್ಮಿನಲ್ ಒಂದು ಮಗ್ಗುಲಲ್ಲಿ ಕರಗಿದೆ. ಕರಗಿರುವುದು ವೈರ್ ಸೇರುವ ಕಡೆ ಅಲ್ಲ, ಬೋರ್ಡಿಗೆ ಕೂತಿರುವ ಕಡೆ. ಸ್ಕ್ರೂ ಸಡಿಲ ಇತ್ತು ಅನ್ನೋದಕ್ಕೆ ಆಗಲ್ಲ.

ಆ ಟ್ರ್ಯಾಕನ್ನು ವರ್ನಿಯರ್‌ನಲ್ಲಿ ಅಳೆದೆ. ಅಗಲ 1.8 ಮಿ.ಮೀ. ಮೇಲೆ ಸೀಸ ಬಳಿದು ದಪ್ಪ ಮಾಡಿಲ್ಲ, ಹಿಂದೆ ಮುಂದೆ ಎರಡೂ ಕಡೆ ಓಡಿಸಿಯೂ ಇಲ್ಲ. ಸಾಮಾನ್ಯ 35 ಮೈಕ್ರಾನ್ ತಾಮ್ರ ಅಂತಲೇ ಇಟ್ಟುಕೊಂಡು IPC-2221 ಸೂತ್ರದಲ್ಲಿ ಲೆಕ್ಕ ಹಾಕಿ ನೋಡಿ. 10 ಆಂಪ್ ಹರಿದರೂ 20 ಡಿಗ್ರಿಗಿಂತ ಜಾಸ್ತಿ ಬಿಸಿ ಏರಬಾರದು ಅಂದರೆ ಸುಮಾರು 4.7 ಮಿ.ಮೀ. ಅಗಲ ಬೇಕು. ನಿಮ್ಮ ಬೋರ್ಡಿನ 1.8ರಲ್ಲಿ 10 ಆಂಪ್ ಬಿಟ್ಟರೆ, ಸುತ್ತಲಿನ ಗಾಳಿಗಿಂತ ನೂರು ಡಿಗ್ರಿಯ ಹತ್ತಿರ ಮೇಲೇರುತ್ತದೆ. ನನ್ನ 6.4 ಆಂಪ್‌ಗೇ 35 ಡಿಗ್ರಿ ಏರಿಕೆ ಬರುತ್ತದೆ. ಅದರ ಜೊತೆಗೆ ಬೆಸುಗೆಯೂ ಬಿಟ್ಟಿದ್ದರೆ ಇನ್ನೂ ಕಷ್ಟ. ಕೆಟ್ಟ ಜಾಯಿಂಟಿನಲ್ಲಿ ಬರೀ 0.05 ಓಮ್ ಇದ್ದರೂ ಸಾಕು, ಆ ಒಂದೇ ಪಿನ್ನಿನಲ್ಲಿ ಎರಡು ವ್ಯಾಟ್ ಶಾಖ ಹುಟ್ಟುತ್ತದೆ. ಆ ಶಾಖ ಪಿನ್ನಿನ ಮೂಲಕವೇ ರಿಲೇ ಒಳಗಿನ ಕಾಂಟ್ಯಾಕ್ಟಿಗೆ ಹತ್ತಿ, ಅದು ಅಂಟಿಕೊಂಡಿರಬೇಕು ಅನ್ನೋದು ನನ್ನ ಅಂದಾಜು. ರಿಲೇ ಸವೆದಿತ್ತು ಅನ್ನುವ ಹಾಗೂ ಇಲ್ಲ. ಏಳು ರಾತ್ರಿಗೆ ಐನೂರು ಸಲವೂ ಆನ್ ಆಫ್ ಆಗಿಲ್ಲ. ಈ ತರಹದ ರಿಲೇಗೆ ಸಾಮಾನ್ಯವಾಗಿ ಲಕ್ಷ ಸಲ ಅಂತ ಹೇಳುತ್ತಾರೆ.

ಒಂದು ಪೀಸ್ ಮಾತ್ರ ಕೆಟ್ಟದ್ದು ಬಂದಿರಬಹುದು ಅಂತ ನನಗೂ ಅನ್ನಿಸಿತ್ತು. ಅದಕ್ಕೇ ಎರಡನೇ ಬೋರ್ಡನ್ನು ಟೇಬಲ್ ಮೇಲೆ ಇಟ್ಟು, ಅದೇ ಹೀಟರ್ ಕೊಟ್ಟು, ಪಕ್ಕದಲ್ಲೇ ಕೂತು ನೋಡಿದೆ. ಕೋಣೆಯಲ್ಲಿ 24 ಡಿಗ್ರಿ ಇತ್ತು. ನಲವತ್ತು ನಿಮಿಷಕ್ಕೆ ಟರ್ಮಿನಲ್ ಹತ್ತಿರ 81 ಡಿಗ್ರಿ ತೋರಿಸಿತು. ಇನ್ನೂ ಏರುತ್ತಲೇ ಇತ್ತು. ನಿಲ್ಲಿಸಿಬಿಟ್ಟೆ. ಮೂರನೆಯದನ್ನು ಕವರ್‌ನಿಂದ ತೆಗೆದೇ ಇಲ್ಲ.

ನೀಲಿ ರಿಲೇ ಮೇಲೆ `10A 250VAC` ಅಂತ ಇರುವುದು ರಿಲೇ ಕಂಪನಿಯವರ ಮಾತು, ಬರೀ ರಿಲೇ ಬಗ್ಗೆ. ಅದು ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಬೋರ್ಡಿನ ಮೇಲೂ, ಟರ್ಮಿನಲ್ ಪಕ್ಕದಲ್ಲಿ, ಬಿಳಿ ಅಕ್ಷರದಲ್ಲಿ ಅದೇ `10A` ಅಚ್ಚಾಗಿದೆ. ನಿಮ್ಮ ಪುಟದಲ್ಲೂ "10 ಆಂಪ್ ಬೋರ್ಡ್" ಅಂತಲೇ ಬರೆದಿದ್ದೀರಿ. ಅದನ್ನು ನಂಬಿಯೇ ನಾನು 6.4 ಆಂಪ್ ಹಾಕಿದ್ದು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಳಿಸಿಕೊಂಡೇ ಹಾಕಿದ್ದೆ, ಅಲ್ವಾ?

ನನ್ನ ಕಡೆಯ ತಪ್ಪನ್ನೂ ಹೇಳುತ್ತೇನೆ. ಕಂಟ್ರೋಲರ್ ಕೈಕೊಟ್ಟರೆ ಲೈನ್ ಕಟ್ ಮಾಡುವ ಬೇರೆ ಥರ್ಮೋಸ್ಟಾಟ್ ಒಂದನ್ನು ನಾನು ಹಾಕಬೇಕಿತ್ತು. ಹಾಕಿರಲಿಲ್ಲ. ಈಗ ಅದನ್ನೂ ಹಾಕಿ, ಹೀಟರನ್ನು ಕಾಂಟ್ಯಾಕ್ಟರ್ ಮೇಲೆ ಓಡಿಸುತ್ತಿದ್ದೇನೆ. ಹಾಗಾಗಿ ಬೆಳೆಯ ನಷ್ಟವನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಮೂರು ಬೋರ್ಡಿನ 435 ರೂಪಾಯಿ ವಾಪಸ್ ಮಾಡಿ, ಅದು ಸಣ್ಣ ವಿಷಯ. ನನಗೆ ಮುಖ್ಯವಾಗಿ ಬೇಕಿರುವುದು ಬೇರೆ. ಈ ಲಾಟ್ ಮಾರುವುದನ್ನು ನಿಲ್ಲಿಸಿ. ನೀವೇ ಒಂದು ಬೋರ್ಡ್ ತೆಗೆದು, ಒಂದು ಗಂಟೆ ಲೋಡ್ ಕೊಟ್ಟು, ಅದು ಎಷ್ಟು ತಾಳುತ್ತದೋ ಆ ಅಂಕಿಯನ್ನೇ ಪುಟದಲ್ಲಿ ಹಾಕಿ. 4 ಆಂಪ್ ಅಂತಿದ್ದರೆ 4 ಅಂತಲೇ ಹಾಕಿ, ತಗೊಳ್ಳುವವರು ತಗೊಳ್ಳುತ್ತಾರೆ. ಈಗಾಗಲೇ ತಗೊಂಡವರಿಗೂ ಒಂದು ಮೆಸೇಜ್ ಕಳಿಸಿ. ಯಾರೋ ಗೀಸರ್‌ಗೆ ಹಾಕಿರಬಹುದು, ಯಾರೋ ಕೋಳಿ ಮರಿ ಇರುವ ಶೆಡ್ಡಿಗೆ ಹಾಕಿರಬಹುದು. ನಮ್ಮ ಹುಳು ಮನೆಗೆ ತೆಂಗಿನ ಗರಿಯ ಚಪ್ಪರ ಇದೆ. ಅವತ್ತು ದೊಡ್ಡಮ್ಮನಿಗೆ ಎಚ್ಚರವಾಗದೆ ಇದ್ದಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಸುಟ್ಟ ಬೋರ್ಡಿನ ಆರು ಫೋಟೋ, ಕ್ಲ್ಯಾಂಪ್ ಮೀಟರ್ ಫೋಟೋ, ಟೇಬಲ್ ಮೇಲೆ ಟೆಸ್ಟ್ ಮಾಡಿದ ವಿಡಿಯೋ, ಬಿಲ್ ಎಲ್ಲ ಜೊತೆಗಿದೆ. ಸುಟ್ಟದ್ದನ್ನು ಬಿಸಾಡಿಲ್ಲ. ಕೊರಿಯರ್ ವಿಳಾಸ ಕೊಟ್ಟರೆ ಅದನ್ನೂ, ಕವರ್ ಬಿಚ್ಚದ ಬೋರ್ಡನ್ನೂ ಕಳಿಸುತ್ತೇನೆ, ನೀವೇ ನೋಡಿ. ಬರುವ ಶನಿವಾರದೊಳಗೆ ಉತ್ತರ ಕೊಡಿ. ಬರದಿದ್ದರೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅದಕ್ಕೆ ಮೊದಲು ನಿಮ್ಮ ಬಾಯಿಂದಲೇ ಕೇಳೋಣ ಅಂತ ಈ ಮೇಲ್ ಬರೆದಿದ್ದೇನೆ.

ಇಂತಿ,
ಶಿವಕುಮಾರ್
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ